ಜಾಮೀನು ಮತ್ತು ನಿರೀಕ್ಷಣಾ ಜಾಮೀನು: ದೂರು ದಾಖಲಾದಾಗ ಮನೆಯವರು ತಿಳಿದಿರಬೇಕಾದದ್ದು

ಮಂಜೇಶ್ವರದ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಪಾಗಾರದ ವಿಚಾರಕ್ಕೆ ನೆರೆಯವರೊಡನೆ ಜಗಳವಾಗಿ, ಕೈಕೈ ಮಿಲಾಯಿಸಿ, ಮರುದಿನ ಠಾಣೆಯಲ್ಲಿ ದೂರು ದಾಖಲಾಗಿದೆ. ಆರೋಪಿತನಾದ ತಮ್ಮ ಮಂಗಳೂರಿನಲ್ಲಿ ಉದ್ಯೋಗಿ. ಅಣ್ಣನಿಗೆ ಹಲವರು ಹೇಳುವುದು ಒಂದೇ ಮಾತು: ‘ಕೂಡಲೇ ನಿರೀಕ್ಷಣಾ ಜಾಮೀನು ಮಾಡಿಸಿ.’ ಅದು ಬೇಕೇ, ಬೇಡವೇ ಎಂಬುದನ್ನು ನಿರ್ಧರಿಸುವುದು ಎಫ್‌ಐಆರ್‌ನಲ್ಲಿ ಬರೆದಿರುವ ಕಲಮುಗಳು. ಆದ್ದರಿಂದ ಮೊದಲು ಅದರ ಪ್ರತಿಯನ್ನು ಪಡೆಯಬೇಕು. ಅದು ಮಲಯಾಳದಲ್ಲಿರುವುದರಿಂದ, ಓದಲು ಬಾರದವರು ಅಂದಾಜಿನಲ್ಲಿ ಅರ್ಥಮಾಡಿಕೊಳ್ಳದೆ ಬಲ್ಲವರಿಂದ ಸಾಲುಸಾಲಾಗಿ ಓದಿಸಿಕೊಳ್ಳುವುದು ಲೇಸು.

ಅದರಲ್ಲಿ ಭಾರತೀಯ ನ್ಯಾಯ ಸಂಹಿತೆಯ 115(2), ಅಂದರೆ ಸಾಮಾನ್ಯ ಗಾಯ, ಮತ್ತು 126(2), ಅಂದರೆ ದಾರಿ ತಡೆದದ್ದು, ಇವೆರಡೇ ಇದ್ದರೆ ಗಾಬರಿಗೆ ಕಾರಣವಿಲ್ಲ. ಇವು ಜಾಮೀನೀಯ ಅಪರಾಧಗಳು. ಇಲ್ಲಿ ಜಾಮೀನು ಆರೋಪಿಯ ಹಕ್ಕು. ಬಂಧಿಸಿದರೂ ಮುಚ್ಚಳಿಕೆ ಬರೆಸಿಕೊಂಡು ಠಾಣೆಯಲ್ಲಿಯೇ ಬಿಡಬೇಕಾಗುತ್ತದೆ. ಇಂಥ ಪ್ರಕರಣದಲ್ಲಿ ನಿರೀಕ್ಷಣಾ ಜಾಮೀನಿನ ಅರ್ಜಿ ನಿಲ್ಲುವುದೂ ಇಲ್ಲ, ಖರ್ಚು ಮಾತ್ರ ಉಳಿಯುತ್ತದೆ.

ಆದರೆ ದೊಣ್ಣೆಯಿಂದಲೋ ಕತ್ತಿಯಿಂದಲೋ ಹೊಡೆದನೆಂದು ಬರೆದು 118(1) ಸೇರಿಸಿದ್ದರೆ ಸಂಗತಿ ಬೇರೆ. ಅದು ಜಾಮೀನುರಹಿತ ಅಪರಾಧ. ಜಾಮೀನು ಸಿಗುವುದೇ ಇಲ್ಲವೆಂದು ಇದರ ಅರ್ಥವಲ್ಲ. ಕೊಡುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು ಎಂದಷ್ಟೇ. ಈ ಕಲಮು ಮೊದಲ ದಿನವೇ ಇರಬೇಕೆಂದಿಲ್ಲ, ಆಸ್ಪತ್ರೆಯ ಗಾಯದ ಪ್ರಮಾಣಪತ್ರ ಬಂದ ಮೇಲೂ ಸೇರಬಹುದು. ಹಾಗಾಗಿ ಕೆಲವು ದಿನಗಳ ನಂತರ ಮತ್ತೊಮ್ಮೆ ವಿಚಾರಿಸಬೇಕು.

ಎರಡು ಬಗೆಯ ಜಾಮೀನುಗಳ ನಡುವಣ ಗೆರೆ ಬಂಧನವೇ. ತಮ್ಮ ಇನ್ನೂ ಹೊರಗಿದ್ದು ಬಂಧನದ ಭಯಕ್ಕೆ ಸಕಾರಣವಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 482ನೆಯ ಕಲಮಿನಡಿ ಸೆಷನ್ಸ್ ನ್ಯಾಯಾಲಯ ಅಥವಾ ಹೈಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಕೇಳಬಹುದು. ಬಂಧಿಸಿದಲ್ಲಿ ಜಾಮೀನಿನ ಮೇಲೆ ಬಿಡತಕ್ಕದ್ದು ಎಂಬ ಮುಂಗಡ ಆದೇಶವದು. ಮ್ಯಾಜಿಸ್ಟ್ರೇಟರಿಗೆ ಈ ಅಧಿಕಾರವಿಲ್ಲ. ಅರ್ಜಿ ವಿಚಾರಣೆಯಲ್ಲಿರುವಾಗಲೇ ಬಂಧನವಾದರೆ ಆ ಅರ್ಜಿ ನಿರರ್ಥಕವಾಗುತ್ತದೆ. ಆದ್ದರಿಂದ ವಕೀಲರು ಅರ್ಜಿಯ ಜೊತೆಗೆ ಮಧ್ಯಂತರ ರಕ್ಷಣೆಯನ್ನೂ ಕೇಳಿದ್ದಾರೆಯೇ ಎಂದು ವಿಚಾರಿಸಿರಿ. ಬಂಧನವಾದ ಮೇಲೆ ಉಳಿಯುವುದು ಸಾಮಾನ್ಯ ಜಾಮೀನು. ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. 480ರಡಿ ಅರ್ಜಿ ಅಲ್ಲಿಂದ ಆರಂಭ, ತಿರಸ್ಕೃತವಾದರೆ 483ರಡಿ ಸೆಷನ್ಸ್‌ಗೆ.

ಬಂಧನವೇ ಆಗದೆ ಮುಗಿಯುವುದೂ ಉಂಟು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. 118(1)ಕ್ಕೆ ಗರಿಷ್ಠ ಮೂರು ವರ್ಷ. ಪೊಲೀಸರು 35(3)ರಡಿ ಹಾಜರಾಗಲು ನೋಟೀಸು ಕೊಟ್ಟರೆ, ಕರೆದಾಗ ಹೋಗುವವನನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಮನೆಯವರು ಪ್ರೀತಿಯಿಂದ ಮಾಡುವ ದೊಡ್ಡ ತಪ್ಪು ಇಲ್ಲಿಯೇ: ಹುಡುಗನನ್ನು ಬಂಧುಗಳ ಮನೆಯಲ್ಲಿ ಅಡಗಿಸುವುದು. ನೋಟೀಸಿಗೆ ಹಾಜರಾಗದಿರುವುದು ಬಂಧನಕ್ಕೆ ಕಾರಣ ಒದಗಿಸುತ್ತದೆ. ಮುಂದೆ ಜಾಮೀನಿಗೆ ಆಕ್ಷೇಪವಾಗಿಯೂ ಅದನ್ನೇ ಎತ್ತುತ್ತಾರೆ.

ಅರ್ಜಿ ಎಲ್ಲಿ ಸಲ್ಲಿಸಬೇಕು? ನಮ್ಮಂಥ ಗಡಿಯವರಿಗೆ ಇದು ಕಾಡುವ ಪ್ರಶ್ನೆ. ದೂರು ದಾಖಲಾದದ್ದು ಮಂಜೇಶ್ವರದಲ್ಲಾದರೆ, ತಮ್ಮ ಇರುವುದು ಮಂಗಳೂರಿನಲ್ಲಾದರೂ ಹೋಗಬೇಕಾದದ್ದು ಕಾಸರಗೋಡಿನ ಸೆಷನ್ಸ್ ನ್ಯಾಯಾಲಯಕ್ಕೆ. ಹೊರರಾಜ್ಯದ ನ್ಯಾಯಾಲಯವೂ ಸೀಮಿತ ಅವಧಿಯ ರಕ್ಷಣೆ ನೀಡಬಹುದೆಂದು 2023ರಲ್ಲಿ ಪ್ರಿಯಾ ಇಂದೋರಿಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಆದರೆ ಸಂಬಂಧಪಟ್ಟ ನ್ಯಾಯಾಲಯಕ್ಕೆ ತಕ್ಷಣ ಹೋಗಲಾಗದ ಕಾರಣವನ್ನು ಅರ್ಜಿದಾರ ತೋರಿಸಬೇಕು. ಬೆಂಗಳೂರಿನಲ್ಲಿದ್ದು ಸೊಲ್ಲಾಪುರದಲ್ಲಿ ದೂರು ಎದುರಿಸುವವನು ಅದನ್ನು ತೋರಿಸಬಹುದು; ಒಂದೂವರೆ ಗಂಟೆಯ ದಾರಿಯ ಮಂಗಳೂರಿನವನಿಗೆ ಕಷ್ಟ.

ಆದೇಶ ಸಿಕ್ಕಿತೆಂದು ಮನೆಯಲ್ಲಿ ಕುಳಿತರೆ ಕೆಲಸ ಮುಗಿಯದು. ಅದರಲ್ಲಿ ಹೇಳಿದ ದಿನ ತನಿಖಾಧಿಕಾರಿಯ ಮುಂದೆ ಹಾಜರಾಗಿ, ಹೇಳಿದಷ್ಟು ಜಾಮೀನುದಾರರೊಡನೆ ಮುಚ್ಚಳಿಕೆ ಕೊಡಬೇಕು. ನೆರೆಮನೆಯವರನ್ನು, ಸಾಕ್ಷಿಗಳನ್ನು ‘ಮಾತಾಡಿಸಿ ಸರಿಮಾಡಲು’ ಆರೋಪಿ ತಾನೇ ಹೋದರೆ ಷರತ್ತಿನ ಉಲ್ಲಂಘನೆಯೆಂದು ಜಾಮೀನು ರದ್ದಾಗಬಹುದು. ಷರತ್ತು ಪಾಲಿಸಿದರೆ ಈ ರಕ್ಷಣೆ ಸಾಮಾನ್ಯವಾಗಿ ವಿಚಾರಣೆ ಮುಗಿಯುವತನಕ ಉಳಿಯುತ್ತದೆಂದು 2020ರ ಸುಶೀಲಾ ಅಗರ್ವಾಲ್ ತೀರ್ಪಿನಲ್ಲಿದೆ. ಆದರೆ ದೂರಿನಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಸೇರಿದ್ದರೆ ನಿರೀಕ್ಷಣಾ ಜಾಮೀನಿಗೆ 18ನೆಯ ಕಲಮಿನ ನಿಷೇಧವಿದೆ; ಮೇಲ್ನೋಟಕ್ಕೇ ಅಪರಾಧ ಕಾಣಿಸದಿದ್ದಾಗ ಮಾತ್ರ ವಿನಾಯಿತಿ.

ಇನ್ನು ಭಾಷೆಯ ಮಾತು. ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರಹದಲ್ಲಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರಲ್ಲಿ ಹೇಳಿದೆ. ಮಲಯಾಳವಾಗಲಿ, ಮರಾಠಿಯಾಗಲಿ, ತಮಿಳಾಗಲಿ, ಓದಲಾಗದ ಕಾಗದಕ್ಕೆ ಸಹಿ ಕೇಳಿದರೆ, ಕನ್ನಡದಲ್ಲಿ ಕೊಡಿರೆಂದು ಕೇಳಿರಿ. ಕೊಡದಿದ್ದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಹಾಜರಾತಿಯಲ್ಲಿಯೇ ವಕೀಲರ ಮೂಲಕ ಅದನ್ನು ದಾಖಲಿಸಿರಿ.