ಮಾಸ್ಲೊ ಬರೆಯದ ತ್ರಿಕೋನ

ಬಿ.ಎಡ್. ತರಗತಿಯಲ್ಲಿ ಶೈಕ್ಷಣಿಕ ಮನೋವಿಜ್ಞಾನವನ್ನು ಓದಿದವರಿಗೆ ಈ ಚಿತ್ರ ಪರಿಚಿತ. ಒಂದು ತ್ರಿಕೋನ, ಅದರಲ್ಲಿ ಐದು ಅಂತಸ್ತುಗಳು. ತಳದಲ್ಲಿ ಹಸಿವು, ಬಾಯಾರಿಕೆ, ನಿದ್ರೆಯಂಥ ದೈಹಿಕ ಅಗತ್ಯಗಳು. ಅದರ ಮೇಲೆ ಭದ್ರತೆ. ಅನಂತರ ಪ್ರೀತಿ ಮತ್ತು ಒಡನಾಟ. ಅದಕ್ಕೂ ಮೇಲೆ ಗೌರವ. ತುದಿಯಲ್ಲಿ ಸ್ವವಾಸ್ತವೀಕರಣ, ಅಂದರೆ ತನ್ನಲ್ಲಿರುವ ಸಾಮರ್ಥ್ಯವನ್ನು ಪೂರ್ಣವಾಗಿ ಅರಳಿಸಿಕೊಳ್ಳುವುದು. ಇದು ‘ಮಾಸ್ಲೊ ತ್ರಿಕೋನ’ವೆಂದೇ ಪ್ರಸಿದ್ಧ. ಆದರೆ ಅಬ್ರಹಾಂ ಮಾಸ್ಲೊ ಈ ಸಿದ್ಧಾಂತವನ್ನು ಮಂಡಿಸಿದ 1943ರ ಲೇಖನದಲ್ಲಿ ಇಂಥ ತ್ರಿಕೋನವೇ ಇಲ್ಲ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ನಾನು ಭೌತವಿಜ್ಞಾನದ ಅಧ್ಯಾಪಕ. ಯಾವುದೇ ಸಿದ್ಧಾಂತವನ್ನು ಕಂಡರೂ ಅದು ಏನನ್ನು ಮುನ್ಸೂಚಿಸುತ್ತದೆ, ಆ ಮುನ್ಸೂಚನೆಯನ್ನು ಅಳೆದು ನೋಡಿದವರು ಯಾರು ಎಂದು ಕೇಳುವುದು ನಮ್ಮ ಅಭ್ಯಾಸ. ಅದೇ ಪ್ರಶ್ನೆಯನ್ನು ಇಲ್ಲಿಯೂ ಕೇಳೋಣ.

ಮೂರನೆಯ ದಾರಿ

ಮಾಸ್ಲೊ ಹುಟ್ಟಿದ್ದು 1908ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆತಾಯಿಗಳು ರಷ್ಯಾದಿಂದ ವಲಸೆ ಬಂದ ಯಹೂದಿಗಳು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹಾರ್ಲೊ ಅವರ ಮಾರ್ಗದರ್ಶನದಲ್ಲಿ ಕೋತಿಗಳ ಮೇಲುಗೈ ವರ್ತನೆಯನ್ನು ಅಧ್ಯಯನ ಮಾಡಿ 1934ರಲ್ಲಿ ಡಾಕ್ಟರೇಟ್ ಪಡೆದರು.

ಆಗ ಮನೋವಿಜ್ಞಾನದಲ್ಲಿ ಎರಡು ಪಂಥಗಳು ಪ್ರಬಲವಾಗಿದ್ದವು. ವರ್ತನಾವಾದಿಗಳು ಇಲಿ, ಪಾರಿವಾಳಗಳ ಮೇಲಿನ ಪ್ರಯೋಗಗಳಿಂದ ಮನುಷ್ಯನನ್ನು ಅರಿಯಲು ಹೊರಟಿದ್ದರು. ಫ್ರಾಯ್ಡ್ ಅನುಯಾಯಿಗಳು ಮನೋರೋಗಿಗಳ ಮೂಲಕ ಅರಿಯಲು ಯತ್ನಿಸುತ್ತಿದ್ದರು. ಆರೋಗ್ಯವಂತ ಮನುಷ್ಯನ ಆಸೆ, ಆಯ್ಕೆ, ಬೆಳವಣಿಗೆಗಳನ್ನು ಯಾರೂ ನೋಡುತ್ತಿಲ್ಲವೆಂಬುದು ಮಾಸ್ಲೊ, ಕಾರ್ಲ್ ರೋಜರ್ಸ್ ಮೊದಲಾದವರ ಆಕ್ಷೇಪ. ಇವರ ದಾರಿಗೆ ‘ಮಾನವತಾವಾದಿ ಮನೋವಿಜ್ಞಾನ’ ಎಂಬ ಹೆಸರಾಯಿತು. 1961ರಲ್ಲಿ ಅದಕ್ಕೆ ತನ್ನದೇ ಆದ ಪತ್ರಿಕೆಯೂ ಹುಟ್ಟಿಕೊಂಡಿತು.

ಲೇಖನದಲ್ಲಿ ಇದ್ದದ್ದೇನು?

1943ರ ಲೇಖನದ ತಿರುಳು ಇಷ್ಟು: ಕೆಳಗಿನ ಅಗತ್ಯ ಪೂರೈಕೆಯಾಗದಿರುವಾಗ ಅದೇ ಮನಸ್ಸನ್ನು ಆಳುತ್ತದೆ, ಅದು ತೀರಿದ ಮೇಲೆ ಹಿಂದೆ ಸರಿದು, ಮುಂದಿನ ಅಗತ್ಯಕ್ಕೆ ಎಡೆ ಕೊಡುತ್ತದೆ. ಒಂದು ಅಂತಸ್ತು ನೂರಕ್ಕೆ ನೂರು ತುಂಬಿದ ಮೇಲೆಯೇ ಮುಂದಿನದು ಎಂದು ಮಾಸ್ಲೊ ಹೇಳಲಿಲ್ಲ. ಸಾಮಾನ್ಯ ಮನುಷ್ಯನ ದೈಹಿಕ ಅಗತ್ಯ ಶೇ. 85, ಭದ್ರತೆ ಶೇ. 70, ಪ್ರೀತಿ ಶೇ. 50, ಗೌರವ ಶೇ. 40, ಸ್ವವಾಸ್ತವೀಕರಣ ಶೇ. 10ರಷ್ಟು ತೃಪ್ತವಾಗಿರಬಹುದು ಎಂದು ಅವರು ಬರೆದರು. ಈ ಅಂಕಿಗಳು ಅಳತೆಯಿಂದ ಬಂದವಲ್ಲ. ವಿವರಣೆಗಾಗಿ ಮನಸ್ಸಿಗೆ ತೋಚಿದಂತೆ ಕೊಟ್ಟವು ಎಂದು ಅವರೇ ಸ್ಪಷ್ಟಪಡಿಸಿದ್ದರು. ಆದರ್ಶಕ್ಕಾಗಿ ಎಲ್ಲವನ್ನೂ ತೊರೆಯುವವರು ಈ ಕ್ರಮಕ್ಕೆ ಹೊರತು ಎಂಬುದನ್ನೂ ಒಪ್ಪಿದ್ದರು. ನಂಬಲರ್ಹ ದತ್ತಾಂಶ ತೀರ ಕಡಿಮೆಯಿರುವುದರಿಂದ ಇದನ್ನು ಮುಂದಿನ ಸಂಶೋಧನೆಗೆ ಒಂದು ಚೌಕಟ್ಟು ಎಂದು ಪರಿಗಣಿಸಬೇಕೆಂಬುದು ಅವರ ಕೋರಿಕೆ.

ಹಾಗಾದರೆ ತ್ರಿಕೋನ ಎಲ್ಲಿಂದ ಬಂತು? ನಿರ್ವಹಣಾಶಾಸ್ತ್ರದಿಂದ. ಕಾರ್ಮಿಕರನ್ನು ಹುರಿದುಂಬಿಸುವ ಉಪಾಯ ಹುಡುಕುತ್ತಿದ್ದ ಅಮೆರಿಕದ ವ್ಯಾಪಾರೀ ಜಗತ್ತಿಗೆ ಡಗ್ಲಾಸ್ ಮೆಕ್‌ಗ್ರೆಗರ್ ಈ ಸಿದ್ಧಾಂತವನ್ನು ಪರಿಚಯಿಸಿದರು. 1960ರಲ್ಲಿ ಚಾರ್ಲ್ಸ್ ಮೆಕ್‌ಡರ್ಮಿಡ್ ಎಂಬ ಸಲಹೆಗಾರರು ಒಂದು ವ್ಯಾಪಾರ ಪತ್ರಿಕೆಯಲ್ಲಿ ಅದನ್ನು ಪಿರಮಿಡ್ ಆಗಿ ಚಿತ್ರಿಸಿದ್ದನ್ನು 2019ರಲ್ಲಿ ಇತಿಹಾಸ ಸಂಶೋಧಕರು ಗುರುತಿಸಿದರು. ಚಿತ್ರ ನೆನಪಿನಲ್ಲಿ ಉಳಿಯಿತು. ಲೇಖನದ ಎಚ್ಚರಿಕೆಯ ಮಾತುಗಳು ಉಳಿಯಲಿಲ್ಲ. ತನ್ನ ಸಿದ್ಧಾಂತವನ್ನು ಪರೀಕ್ಷಿಸದೆ, ವಿಮರ್ಶಿಸದೆ ಎಲ್ಲರೂ ಹಾಗೆಯೇ ನುಂಗಿದ್ದಾರೆ ಎಂದು 1962ರಲ್ಲಿ ಮಾಸ್ಲೊ ತಮ್ಮ ದಿನಚರಿಯಲ್ಲಿ ಬೇಸರಪಟ್ಟುಕೊಂಡಿದ್ದರು.

ಪರೀಕ್ಷೆಗೆ ಒಡ್ಡಿದಾಗ

ಅಗತ್ಯಗಳ ಪಟ್ಟಿಯೊಂದೇ ಆಗಿದ್ದರೆ ಅದರಲ್ಲಿ ಪರೀಕ್ಷಿಸುವಂಥದ್ದು ಹೆಚ್ಚೇನಿಲ್ಲ. ಆದರೆ ಕ್ರಮವನ್ನು ಪರೀಕ್ಷಿಸಬಹುದು. ಒಂದು ಅಗತ್ಯ ತೃಪ್ತವಾದಂತೆ ಅದರ ತೀವ್ರತೆ ಇಳಿಯಬೇಕು. ಮುಂದಿನ ಅಗತ್ಯದ ತೀವ್ರತೆ ಏರಬೇಕು. ಇದು ಸ್ಪಷ್ಟವಾದ ಮುನ್ಸೂಚನೆ. ಇದನ್ನು ನೋಡಲು ಒಂದೇ ಸಲದ ಪ್ರಶ್ನಾವಳಿ ಸಾಲದು. ಅದೇ ವ್ಯಕ್ತಿಗಳನ್ನು ಕೆಲವು ವರ್ಷ ಹಿಂಬಾಲಿಸಬೇಕು.

1968ರಲ್ಲಿ ಡಗ್ಲಾಸ್ ಹಾಲ್ ಮತ್ತು ಖಲೀಲ್ ನೌಗೈಮ್ ಪ್ರಕಟಿಸಿದ ಅಧ್ಯಯನ ಈ ಬಗೆಯದು. ಅಮೆರಿಕದ ದೂರವಾಣಿ ಸಂಸ್ಥೆಯೊಂದರ ಯುವ ವ್ಯವಸ್ಥಾಪಕರನ್ನು ಸತತ ಐದು ವರ್ಷ ಸಂದರ್ಶಿಸಿ, ಪ್ರತಿ ಅಗತ್ಯದ ತೀವ್ರತೆಗೂ ತೃಪ್ತಿಗೂ ಅಂಕ ಕೊಡಲಾಗಿತ್ತು. ವರ್ಷಗಳು ಕಳೆದಂತೆ ಭದ್ರತೆಯ ಚಿಂತೆ ಇಳಿದು ಸಾಧನೆಯ ಹಂಬಲ ಏರಿದ್ದು ನಿಜ. ಇಷ್ಟನ್ನೇ ನೋಡಿದರೆ ಸಿದ್ಧಾಂತ ಗೆದ್ದಂತೆ ಕಾಣುತ್ತದೆ. ಆದರೆ ತೃಪ್ತಿ ಹೆಚ್ಚಿದ್ದಕ್ಕೇ ತೀವ್ರತೆ ಇಳಿಯಿತು ಎನ್ನಲು ಬೇಕಾದ ಸಂಬಂಧ ದೊರೆಯಲಿಲ್ಲ. ಉದ್ಯೋಗದಲ್ಲಿ ಹೊಸಬ ಹಳಬನಾಗುವಾಗ ಸಹಜವಾಗಿ ಆಗುವ ಬದಲಾವಣೆ ಇದು ಎಂಬ ವಿವರಣೆಯೇ ಹೆಚ್ಚು ಹೊಂದಿತು. ಎರಡು ರಾಶಿಗಳು ಒಟ್ಟಿಗೆ ಬದಲಾದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದಿಲ್ಲವೇ? 1976ರಲ್ಲಿ ವಾಹ್ಬಾ ಮತ್ತು ಬ್ರಿಡ್‌ವೆಲ್ ಅದುವರೆಗಿನ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದರು. ಐದು ಅಗತ್ಯಗಳು ಐದಾಗಿಯೇ ಬೇರ್ಪಡಲಿಲ್ಲ. ಕ್ರಮಕ್ಕೂ ದೃಢ ಆಧಾರ ಸಿಗಲಿಲ್ಲ.

ತ್ರಿಕೋನದ ತುದಿಯ ಕತೆ ಇನ್ನೂ ದುರ್ಬಲ. ಸ್ವವಾಸ್ತವೀಕರಣದ ಲಕ್ಷಣಗಳನ್ನು ಮಾಸ್ಲೊ ಪಟ್ಟಿ ಮಾಡಿದ್ದು ತಾವೇ ಮೆಚ್ಚಿ ಆರಿಸಿದ ವ್ಯಕ್ತಿಗಳಿಂದ: ಲಿಂಕನ್, ಐನ್‌ಸ್ಟೈನ್, ಎಲಿನಾರ್ ರೂಸ್‌ವೆಲ್ಟ್, ಸ್ಪಿನೋಜ ಮೊದಲಾದವರು. ಹಲವರ ಬಗ್ಗೆ ಆಧಾರ ಜೀವನಚರಿತ್ರೆಗಳು ಮಾತ್ರ. ಶ್ರೇಷ್ಠರೆಂದು ತೋರಿದವರನ್ನು ಆರಿಸಿ, ಅವರಲ್ಲಿ ಕಂಡ ಗುಣಗಳನ್ನೇ ಶ್ರೇಷ್ಠತೆಯ ಲಕ್ಷಣವೆಂದರೆ ಆರಂಭಿಸಿದಲ್ಲಿಗೇ ಮರಳಿದಂತಾಗುತ್ತದೆ.

ಯಾರ ತುದಿ?

ಇನ್ನೊಂದು ಆಕ್ಷೇಪ ಸಂಸ್ಕೃತಿಯದು. ವ್ಯಕ್ತಿಯ ಸ್ವಂತ ಸಾಧನೆಯನ್ನು ತುದಿಗೇರಿಸುವುದು ಅಮೆರಿಕದ ಮಧ್ಯಮವರ್ಗದ ಮೌಲ್ಯವೇ ಹೊರತು ಮನುಕುಲದ ನಿಯಮವಲ್ಲ ಎಂದು ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ 1980ರ ದಶಕದಲ್ಲಿ ವಾದಿಸಿದರು. ಚೀನದಲ್ಲಿ ಬೋಧಿಸಿದ್ದ ಎಡ್ವಿನ್ ನೆವಿಸ್ 1983ರಲ್ಲಿ ಆ ದೇಶಕ್ಕೆ ಬೇರೊಂದು ಕ್ರಮವನ್ನೇ ಸೂಚಿಸಿದರು. ಅಲ್ಲಿ ತಳದಲ್ಲಿರುವುದು ಹಸಿವಲ್ಲ, ಗುಂಪಿಗೆ ಸೇರಿದವನೆಂಬ ಭಾವ. ತುದಿಯಲ್ಲಿರುವುದು ಸಮಾಜದ ಸೇವೆಗಾಗಿ ಬೆಳೆಯುವುದು. ಇದೂ ಅವರ ಅನುಭವದಿಂದ ಬಂದ ಸೂಚನೆಯೇ ಹೊರತು ಅಳೆದು ಸಾಧಿಸಿದ್ದಲ್ಲ.

ನಮ್ಮ ಭಾಷೆಯಲ್ಲಿಯೂ ಈ ತೊಡಕನ್ನು ಕಾಣಬಹುದು. ತುದಿಯ ಅಂತಸ್ತನ್ನು ‘ಆತ್ಮಸಾಕ್ಷಾತ್ಕಾರ’ ಎಂದು ಅನುವಾದಿಸುವುದುಂಟು. ವೇದಾಂತದಲ್ಲಿ ಆ ಪದಕ್ಕೆ ‘ನಾನು’ ಎಂಬ ಅಹಂಕಾರ ಕರಗುವ ಅರ್ಥವಿದೆ. ಮಾಸ್ಲೊ ಅದರಿಂದ ಉದ್ದೇಶಿಸಿದ್ದು ‘ನಾನು’ ಪೂರ್ಣವಾಗಿ ಅರಳುವುದನ್ನು. ಹೀಗೆ ಒಂದೇ ಪದದಿಂದ ವಿದ್ಯಾರ್ಥಿ ವಿರುದ್ಧ ಅರ್ಥವನ್ನು ಗ್ರಹಿಸುವ ಸಾಧ್ಯತೆಯಿದೆ.

ಉಳಿದದ್ದೇನು?

2011ರಲ್ಲಿ ಲೂಯಿಸ್ ಟೇ ಮತ್ತು ಎಡ್ ಡೀನರ್ 123 ದೇಶಗಳ 60 ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು ವಿಶ್ಲೇಷಿಸಿದರು. ಆಹಾರ, ಭದ್ರತೆ, ಒಡನಾಟ, ಗೌರವ ಮುಂತಾದವು ಎಲ್ಲೆಡೆ ನೆಮ್ಮದಿಗೆ ಸಂಬಂಧಿಸಿದ್ದವು. ಮೂಲ ಅಗತ್ಯಗಳು ಮೊದಲು ಪೂರೈಕೆಯಾಗುವ ಒಲವೂ ಕಂಡಿತು. ಆದರೆ ಕೆಳಗಿನದು ತುಂಬದಿದ್ದರೂ ಮೇಲಿನದು ತನ್ನ ಪಾಲಿನ ನೆಮ್ಮದಿಯನ್ನು ಕೊಡುತ್ತಿತ್ತು. ಎಂದರೆ ಪಟ್ಟಿ ಬಹುಮಟ್ಟಿಗೆ ನಿಂತಿತು. ಏಣಿಯ ಮೆಟ್ಟಿಲುಗಳಂತೆ ಒಂದಾದ ಮೇಲೊಂದು ಎಂಬುದು ನಿಲ್ಲಲಿಲ್ಲ.

ಶಿಕ್ಷಕರಿಗೆ ಇದು ಬರಿಯ ಪಾಂಡಿತ್ಯದ ವಿಷಯವಲ್ಲ. ಹಸಿದ ಮಗುವಿಗೆ ಬಿಸಿಯೂಟ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯಲ್ಲಿ ಬಡತನವಿದೆ, ಆದ್ದರಿಂದ ಈ ಮಗುವಿಗೆ ಗೌರವ, ಕುತೂಹಲ, ಕವಿತೆ, ಪ್ರಯೋಗಗಳೆಲ್ಲ ಆಮೇಲೆ ಎಂದು ತ್ರಿಕೋನವನ್ನು ನಂಬಿ ತೀರ್ಮಾನಿಸಿದರೆ ಆ ಮಗುವಿಗೆ ಅನ್ಯಾಯವಾಗುತ್ತದೆ. ಮುಂದಿನ ಸಲ ಕಪ್ಪುಹಲಗೆಯ ಮೇಲೆ ತ್ರಿಕೋನ ಬರೆದಾಗ, ಇದನ್ನು ಮಾಸ್ಲೊ ಆ ಲೇಖನದಲ್ಲಿ ಬರೆದಿರಲಿಲ್ಲ, ಇದರ ಕ್ರಮಕ್ಕೆ ಪುರಾವೆ ದುರ್ಬಲ ಎಂಬ ಎರಡು ವಾಕ್ಯಗಳನ್ನೂ ಪಕ್ಕದಲ್ಲಿ ಬರೆಯಿರಿ.