ಬೆಂಗಳೂರಿನ ಆಸ್ತಿ ತೆರಿಗೆ, ನೀರಿನ ಶುಲ್ಕ ಮತ್ತು ಕಸದ ಶುಲ್ಕ

ಬೆಂಗಳೂರಿನಲ್ಲಿ ಮನೆ ಕೊಂಡವರು ನಿಯತವಾಗಿ ಸಲ್ಲಿಸಬೇಕಾದ ಸ್ಥಳೀಯ ಪಾವತಿಗಳು ಮುಖ್ಯವಾಗಿ ಮೂರು: ಆಸ್ತಿ ತೆರಿಗೆ, ನೀರಿನ ಶುಲ್ಕ ಮತ್ತು ಕಸದ ಶುಲ್ಕ. ಆಸ್ತಿ ತೆರಿಗೆಯು ಕಟ್ಟಡದ ವಿಸ್ತೀರ್ಣ ಮತ್ತು ಬಳಕೆಯನ್ನೂ, ನೀರಿನ ಶುಲ್ಕವು ಮೀಟರನ್ನೂ, ಕಸದ ಶುಲ್ಕವು ವಿಸ್ತೀರ್ಣವನ್ನಷ್ಟೇ ಅವಲಂಬಿಸಿವೆ.

ಆಸ್ತಿ ತೆರಿಗೆ

2008ರಿಂದ ಬೆಂಗಳೂರಿನಲ್ಲಿ ಘಟಕ ಪ್ರದೇಶ ಮೌಲ್ಯವನ್ನು ಆಧರಿಸಿದ ಸ್ವಯಂ ಘೋಷಣಾ ಪದ್ಧತಿ ಜಾರಿಯಲ್ಲಿದೆ. ನಗರದ ಬಡಾವಣೆಗಳನ್ನು ಎ ಇಂದ ಎಫ್‌ವರೆಗೆ ಆರು ವಲಯಗಳಾಗಿ ವಿಂಗಡಿಸಲಾಗಿದ್ದು, ಚದರಡಿಗೆ ತಿಂಗಳಿಗೆ ಇಷ್ಟೆಂದು ಪ್ರತಿ ವಲಯಕ್ಕೂ ದರವಿದೆ. ಒಂದು ವರ್ಷಕ್ಕೆ ಹನ್ನೆರಡರ ಬದಲು ಹತ್ತೇ ತಿಂಗಳನ್ನು ಲೆಕ್ಕ ಹಿಡಿಯುತ್ತಾರೆ. ಬಂದ ಮೊತ್ತದಲ್ಲಿ ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆದು, ಉಳಿದುದರ ಶೇ. 20ರಷ್ಟನ್ನು ತೆರಿಗೆಯಾಗಿ ನಿಗದಿಪಡಿಸುತ್ತಾರೆ. ಇದರ ಮೇಲೆ ಆರೋಗ್ಯ, ಗ್ರಂಥಾಲಯ ಮೊದಲಾದ ಉಪಕರಗಳು ಸೇರುತ್ತವೆ.

ಉದಾಹರಣೆಗೆ, ಸಿ ವಲಯದಲ್ಲಿ 1,000 ಚದರಡಿಯ ಆರ್‌ಸಿಸಿ ಮನೆಯೊಂದರಲ್ಲಿ ಮಾಲೀಕರೇ ವಾಸವಿದ್ದಾರೆ ಎನ್ನೋಣ. 2016ರ ದರಪಟ್ಟಿಯಂತೆ ಚದರಡಿಗೆ 1.80 ರೂಪಾಯಿ, ಹತ್ತು ತಿಂಗಳಿಗೆ 18,000. ಸವಕಳಿ ಶೇ. 10 ಎಂದಿಟ್ಟುಕೊಂಡರೆ 16,200 ಉಳಿಯುತ್ತದೆ. ಉಪಕರಕ್ಕೆ ಮುಂಚಿನ ತೆರಿಗೆ 3,240 ರೂಪಾಯಿ. ಅದೇ ಮನೆ ಬಾಡಿಗೆಗೆ ಹೋದರೆ ದರ 3.60 ಆಗಿ, ತೆರಿಗೆ 6,480ಕ್ಕೆ ಏರುತ್ತದೆ.

ಹೊಸ ಮಾಲೀಕರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಮಾರಿದವರು ಸ್ವಂತ ವಾಸವೆಂದು ಘೋಷಿಸಿದ್ದ ಮನೆಯನ್ನು ಕೊಂಡು ಬಾಡಿಗೆಗೆ ಕೊಟ್ಟವರು, ಹಳೆಯ ರಸೀದಿಯಲ್ಲಿರುವ ಮೊತ್ತವನ್ನೇ ಕಟ್ಟುತ್ತ ಹೋಗುತ್ತಾರೆ. ತಪಾಸಣೆಯಲ್ಲಿ ವ್ಯತ್ಯಾಸ ಕಂಡುಬಂದಾಗ ಬಾಕಿಯ ಜೊತೆಗೆ ದಂಡವನ್ನೂ ಬಡ್ಡಿಯನ್ನೂ ತೆರಬೇಕಾಗುತ್ತದೆ. ಹಳೆಯ ಘೋಷಣೆಯಲ್ಲಿನ ವಿಸ್ತೀರ್ಣ, ವಲಯ ಮತ್ತು ಬಳಕೆಗಳನ್ನು ಸ್ಥಳದ ವಾಸ್ತವದೊಡನೆ ಒಮ್ಮೆ ಹೋಲಿಸಿ ನೋಡಿದರೆ ದೋಷ ತಿಳಿಯುತ್ತದೆ. ಮೇಲಂತಸ್ತು ಕಟ್ಟಿದ್ದರೂ ಘೋಷಿಸದೆ ಬಿಟ್ಟಿರುವುದು ಅಪರೂಪವೇನಲ್ಲ.

ಕ್ರಯಪತ್ರ ನೋಂದಣಿಯಾದ ಮೇಲೆ ಖಾತೆ ವರ್ಗಾವಣೆಯೂ ಆಗಬೇಕು. ಹಿಂದಿನವರ ಹೆಸರಿನಲ್ಲಿ ತೆರಿಗೆ ಕಟ್ಟಿದರೆ ಬಾಕಿ ತೀರುತ್ತದೆ, ಖಾತೆ ಬದಲಾಗುವುದಿಲ್ಲ.

ಕಸದ ಶುಲ್ಕ

2025ರ ಏಪ್ರಿಲ್‌ನಿಂದ ಈ ಶುಲ್ಕವನ್ನು ಆಸ್ತಿ ತೆರಿಗೆಯೊಂದಿಗೆ ವಸೂಲು ಮಾಡಲಾಗುತ್ತಿದೆ. ವಸತಿ ಕಟ್ಟಡಕ್ಕೆ 600 ಚದರಡಿಯವರೆಗೆ ತಿಂಗಳಿಗೆ 10 ರೂಪಾಯಿ, 1,000ದವರೆಗೆ 50, 2,000ದವರೆಗೆ 100. ಹೀಗಾಗಿ ಮೇಲಿನ ಮನೆಗೆ ವರ್ಷಕ್ಕೆ 600 ರೂಪಾಯಿ ಸೇರುತ್ತದೆ.

ನೀರಿನ ಶುಲ್ಕ

ಇದನ್ನು ಬೆಂಗಳೂರು ಜಲಮಂಡಳಿ ಪ್ರತ್ಯೇಕವಾಗಿ, ತಿಂಗಳ ಬಿಲ್ಲಿನ ಮೂಲಕ ವಸೂಲು ಮಾಡುತ್ತದೆ. ಒಳಚರಂಡಿ ಶುಲ್ಕವೂ ಅದರಲ್ಲೇ ಇರುತ್ತದೆ. ದರವು ಹಂತ ಹಂತವಾಗಿ ಏರುತ್ತದೆ. 2014ರ ಗೃಹಬಳಕೆ ದರಪಟ್ಟಿಯಲ್ಲಿ ಮೊದಲ 8,000 ಲೀಟರಿಗೆ ಸಾವಿರಕ್ಕೆ 7 ರೂಪಾಯಿ, ಅಲ್ಲಿಂದ 25,000ದವರೆಗೆ 11 ರೂಪಾಯಿ ಇತ್ತು. 15,000 ಲೀಟರು ಬಳಸಿದವರಿಗೆ ಮೊದಲ ಹಂತಕ್ಕೆ 56, ಉಳಿದ 7,000ಕ್ಕೆ 77, ಒಟ್ಟು 133 ರೂಪಾಯಿ ಬೀಳುತ್ತಿತ್ತು. ಹೆಚ್ಚಿನ ದರ ಹೆಚ್ಚುವರಿ ಲೀಟರಿಗಷ್ಟೇ ಅನ್ವಯಿಸುತ್ತದೆ. 2025ರಲ್ಲಿ ದರಗಳು ಏರಿದವು. ಹಂತಗಳ ಕ್ರಮ ಮುಂದುವರಿದಿದೆ.

ಸಂಪರ್ಕವನ್ನು ಆರ್‌ಆರ್ ಸಂಖ್ಯೆಯಿಂದ ಗುರುತಿಸುತ್ತಾರೆ. ಹಳೆಯ ಬಾಕಿ ಆ ಸಂಖ್ಯೆಯಲ್ಲೇ ಉಳಿದು ಹೊಸಬರ ಬಿಲ್ಲಿನಲ್ಲಿ ಕಾಣಿಸಿಕೊಳ್ಳುವುದರಿಂದ, ಕ್ರಯಕ್ಕೆ ಮುನ್ನ ಮಾರುವವರಿಂದ ಕೊನೆಯ ಬಿಲ್ಲು ಮತ್ತು ರಸೀದಿಯನ್ನು ಪಡೆದು, ಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳುವುದು ರೂಢಿ.