ಆದಿಪ್ರಾಸ: ಎರಡನೆಯ ಅಕ್ಷರದ ಹೊಂದಿಕೆ

ಆದಿಪ್ರಾಸ (ನಾ.): ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವುದು. ‘ಪ್ರಾಸ’ ಸಂಸ್ಕೃತದ್ದು, ಅಲ್ಲಿ ಅದಕ್ಕೆ ಎಸೆಯುವ ಈಟಿ ಎಂಬ ಅರ್ಥವೂ ಉಂಟು. ನಿಯಮ ಮಾತ್ರ ದ್ರಾವಿಡದ್ದು. ತಮಿಳಿನಲ್ಲಿ ಇದು ‘ಎದುಗೈ’. ಇಂದಿನ ಮಾತಿನಲ್ಲಿ ಪ್ರಾಸವೆಂದರೆ ಸಾಲಿನ ಕೊನೆಯ ಹೊಂದಿಕೆ ಎಂದೇ ಆಗಿದೆ.

ವ್ಯಂಜನ ಒಂದಾದರೆ ಸಾಲದು, ಅದರ ಹಿಂದಿನ ಸ್ವರದ ಅಳತೆಯೂ ಕೂಡಬೇಕು. ‘ಮಳೆ’ಗೆ ‘ಉಳಿ’ ಸಲ್ಲುತ್ತದೆ, ‘ಬಾಳೆ’ ಸಲ್ಲದು. ‘ಮಳೆ ನಿಂತಿತು ಮುಂಜಾನೆ’ ಎಂಬ ಸಾಲಿಗೆ ‘ಭಳಿರೆ, ಹಂಚಿಂದ ಹನಿ ಬಿತ್ತು’ ಎಂದು ಜೋಡಿಸಿದರೆ ನಿಯಮ ಉಳಿಯುತ್ತದೆ, ಕವಿತೆ ಕೆಡುತ್ತದೆ. ‘ಉಳಿದ ಹನಿ ಹಂಚಿಂದ ಬಿತ್ತು’ ಎಂದರೆ ಪ್ರಾಸಪದವೇ ಅರ್ಥ ಹೊರುತ್ತದೆ. ಪರೀಕ್ಷೆ ಸುಲಭ: ಪ್ರಾಸಪದವನ್ನು ತೆಗೆದರೂ ಅರ್ಥ ಕುಂದದಿದ್ದರೆ ಅದು ಬರೀ ತುಂಬುಪದ. ಆಗ ಎರಡನೆಯ ಸಾಲನ್ನಲ್ಲ, ಮೊದಲನೆಯದನ್ನೇ ಬದಲಿಸುವುದು ಲೇಸು.